ಕೈ ಬೀಸುವ ಚಿತ್ರಕ್ಕೆ ಏನೆಂದು ಉತ್ತರಿಸಬೇಕು?

ಸಲಾಮ್ ಹೇಳುವುದು ಸುನ್ನತ್, ಅದಕ್ಕೆ ಉತ್ತರಿಸುವುದು ಕಡ್ಡಾಯ. ಇದು ನಮ್ಮ ಮಕ್ಕಳು ಮದ್ರಸದ ಮೊದಲ ತರಗತಿಗಳಲ್ಲೇ ಕಲಿಯುವ ಪಾಠ. ಬೀದಿಯಲ್ಲಿ ಎದುರಾದವರು, ಮನೆಯ ಬಾಗಿಲಿಗೆ ಬಂದವರು, ದೂರವಾಣಿಯಲ್ಲಿ ಮಾತನಾಡುವವರು, ಇವರೆಲ್ಲರ ವಿಷಯದಲ್ಲಿಯೂ ಈ ಪಾಠ ಸ್ಪಷ್ಟವಾಗಿದೆ. ಆದರೆ ಮೊಬೈಲ್ ತೆರೆದಾಗ ಒಂದು ಅಕ್ಷರವೂ ಇಲ್ಲದೆ ಹಳದಿ ಬಣ್ಣದ ಅಂಗೈ ಮಾತ್ರ ಕಾಣಿಸಿದರೆ, ಅಥವಾ ಟೋಪಿ ಧರಿಸಿದ ಪುಟ್ಟ ಬಾಲಕನು ಕೈ ಬೀಸುವ ಸ್ಟಿಕರ್ ಕುಣಿದರೆ, ಆಗ ನಮ್ಮ ಮೇಲಿರುವ ಹೊಣೆ ಯಾವುದು? ಅದು ಸಲಾಮೇ? ಅಲ್ಲವಾದರೆ ಮತ್ತೇನು? ಅದಕ್ಕೆ ಉತ್ತರವಾಗಿ ನಾವು ಏನನ್ನು ಬರೆಯಬೇಕು?

ಈ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಮೊದಲು ಎತ್ತಿದವರು ನನ್ನ ಉಮ್ಮ. ಉಳ್ಳಾಲದಿಂದ ಗಲ್ಫ್‌ವರೆಗೆ ಚದುರಿಹೋಗಿರುವ ನಮ್ಮ ಕುಟುಂಬಕ್ಕೆ ಒಂದು ವಾಟ್ಸಪ್ ಗುಂಪು ಇದೆ. ಅದರಲ್ಲಿ ಪ್ರತಿ ಮುಂಜಾನೆ ಎರಡು ಕೈಗಳು ತಪ್ಪದೆ ಕಾಣಿಸಿಕೊಳ್ಳುತ್ತಿದ್ದವು. ಒಂದು, ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನನ್ನ ತಂಗಿಯ ಮಗನದು. ಇನ್ನೊಂದು ನನ್ನ ಸೋದರಮಾವನದು. ಉಮ್ಮ ಕನ್ನಡಕ ಏರಿಸಿಕೊಂಡು ಅವೆರಡನ್ನೂ ನೋಡಿ, “ಇವರು ಸಲಾಮ್ ಹೇಳಿದ್ದಾರೋ, ಸುಮ್ಮನೆ ಕೈ ಆಡಿಸಿದ್ದಾರೋ? ನಾನು ಉತ್ತರ ಹೇಳದೆ ಇದ್ದರೆ ಗುನಾಹ್ ಆಗುತ್ತದೆಯೇ?” ಎಂದು ಕೇಳುತ್ತಿದ್ದರು. ಅಣ್ಣನ ಅಭಿಪ್ರಾಯ ಖಚಿತವಾಗಿತ್ತು: “ಸಲಾಮ್ ಹೇಳದವನಿಗೆ ಉತ್ತರವಿಲ್ಲ ಉಮ್ಮಾ. ಹುಡುಗರು ಸಲಾಮನ್ನೇ ಮರೆಯುತ್ತಿದ್ದಾರೆ. ಸುಮ್ಮನಿದ್ದುಬಿಡಿ, ಆಗ ಕಲಿಯುತ್ತಾರೆ.” ಉಮ್ಮನಿಗೆ ಈ ಮಾತು ಒಪ್ಪಿಗೆಯಾಗಲಿಲ್ಲ. ಆದರೆ ಅಣ್ಣನನ್ನು ಖಂಡಿಸುವ ಪುರಾವೆಯೂ ಅವರ ಬಳಿ ಇರಲಿಲ್ಲ. ಹಾಗಾಗಿ ಈ ವಿಷಯವನ್ನು ಗ್ರಂಥಗಳಲ್ಲಿ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು.

ಪವಿತ್ರ ಕುರ್‌ಆನಿನ ‘ಅನ್ನಿಸಾ’ ಅಧ್ಯಾಯದ 86ನೇ ಸೂಕ್ತವು ಇಲ್ಲಿ ಮೂಲಾಧಾರ. ಯಾರಾದರೂ ಅಭಿವಂದಿಸಿದರೆ ಅದಕ್ಕಿಂತ ಉತ್ತಮವಾದುದನ್ನು ಮರಳಿಸಬೇಕು, ಇಲ್ಲವೇ ಕನಿಷ್ಠ ಅಷ್ಟನ್ನಾದರೂ ಮರಳಿಸಬೇಕು ಎಂದು ಅಲ್ಲಾಹನು ಅಲ್ಲಿ ಆದೇಶಿಸಿದ್ದಾನೆ. ಎರಡು ಮೆಟ್ಟಿಲುಗಳಿವೆ: ಸಮಾನವಾದುದು ಮತ್ತು ಉತ್ತಮವಾದುದು. ‘ಉತ್ತಮ’ ಎಂದರೆ ಏನೆಂಬುದನ್ನು ಇಮ್ರಾನ್ ಬಿನ್ ಹುಸೈನ್(ರ) ವರದಿ ಮಾಡಿದ, ಅಬೂದಾವೂದ್ ಮತ್ತು ತಿರ್ಮಿದಿ ಗ್ರಂಥಗಳಲ್ಲಿರುವ ಹದೀಸ್ ತಿಳಿಸುತ್ತದೆ. ಒಬ್ಬರು ಬಂದು ‘ಅಸ್ಸಲಾಮು ಅಲೈಕುಮ್’ ಎಂದಷ್ಟೇ ಹೇಳಿದಾಗ ಪ್ರವಾದಿ(ಸ) ಉತ್ತರಿಸಿ, ಇವರಿಗೆ 10 ಎಂದರು. ಇನ್ನೊಬ್ಬರು ‘ವ ರಹ್ಮತುಲ್ಲಾಹ್’ ಸೇರಿಸಿದಾಗ 20 ಎಂದರು. ಮೂರನೆಯವರು ‘ವ ಬರಕಾತುಹು’ ಕೂಡ ಸೇರಿಸಿದಾಗ 30 ಎಂದರು. ಪುಣ್ಯವು ಮಾತಿನೊಂದಿಗೆ ಬೆಳೆಯುತ್ತಾ ಹೋಯಿತೆಂಬುದನ್ನು ಗಮನಿಸಬೇಕು. ಸಲಾಮ್ ಎಂಬುದು ಒಂದು ದುಆ. ಶಾಂತಿ, ಕರುಣೆ, ಸಮೃದ್ಧಿ ಎಂಬ ಮೂರು ಬೇಡಿಕೆಗಳು ಅದರಲ್ಲಿವೆ. ಬೇಡಿಕೆ ಇರುವುದು ಪದಗಳಲ್ಲಿ. ಚಿತ್ರದಲ್ಲಿರುವ ಕೈಯು ‘ನಾನಿಲ್ಲಿದ್ದೇನೆ, ನಿಮ್ಮನ್ನು ನೆನೆದೆ’ ಎನ್ನಬಲ್ಲುದು. ಆದರೆ ಅದು ಯಾರಿಗಾಗಿಯೂ ಅಲ್ಲಾಹನಲ್ಲಿ ಏನನ್ನೂ ಬೇಡುವುದಿಲ್ಲ.

ಹಾಗಾದರೆ ಕೈ ಸನ್ನೆಗೆ ಇಸ್ಲಾಮಿನಲ್ಲಿ ಸ್ಥಾನವೇ ಇಲ್ಲವೇ? ಇದೆ. ಪ್ರವಾದಿ(ಸ) ಮಸೀದಿಯ ಮೂಲಕ ಹಾದುಹೋಗುವಾಗ ಅಲ್ಲಿ ಕುಳಿತಿದ್ದ ಮಹಿಳೆಯರ ಗುಂಪಿನತ್ತ ಕೈಯಿಂದ ಸಂಜ್ಞೆ ಮಾಡಿ ಅಭಿವಂದಿಸಿದರೆಂದು ಅಸ್ಮಾ ಬಿಂತ್ ಯಝೀದ್(ರ) ತಿಳಿಸಿದ್ದು ತಿರ್ಮಿದಿಯಲ್ಲಿದೆ. ಅದೇ ಘಟನೆಯನ್ನು ಹೇಳುವ ಅಬೂದಾವೂದರ ವರದಿಯಲ್ಲಿ ಪ್ರವಾದಿಯವರು(ಸ) ತಮಗೆ ಸಲಾಮ್ ಹೇಳಿದರೆಂದು ಅವರು ತಿಳಿಸಿದ್ದಾರೆ. ಇವೆರಡನ್ನೂ ಜೋಡಿಸಿ ಇಮಾಮ್ ನವವಿ(ರ) ತಮ್ಮ ‘ಅಲ್ ಅಝ್ಕಾರ್’ ಗ್ರಂಥದಲ್ಲಿ, ಪ್ರವಾದಿ(ಸ) ನುಡಿಯನ್ನೂ ಸನ್ನೆಯನ್ನೂ ಒಟ್ಟಾಗಿ ಬಳಸಿದರು ಎಂದು ವಿವರಿಸಿದ್ದಾರೆ. ದೂರದಲ್ಲಿರುವವರಿಗೆ ದನಿ ಕೇಳಿಸದೆ ಹೋಗಬಹುದು. ಆಗ ಕೈಯು ಮಾತನ್ನು ತಲಪಿಸಲು ನೆರವಾಗುತ್ತದೆ. ಕೈ ಮಾತಿನ ಜೊತೆಗಾರನೇ ಹೊರತು ಮಾತಿನ ಬದಲಿಯಲ್ಲ. ಕೈ ಸನ್ನೆಯ ಅಭಿವಂದನೆಯನ್ನು ಅನ್ಯರ ಅನುಕರಣೆಯೆಂದು ತಡೆಯುವ ಒಂದು ವರದಿಯೂ ತಿರ್ಮಿದಿಯಲ್ಲಿದೆ. ಆದರೆ ಅದರ ವರದಿಗಾರರ ಸರಣಿ ದುರ್ಬಲವೆಂದು ಇಮಾಮ್ ತಿರ್ಮಿದಿಯವರೇ(ರ) ಹೇಳಿದ್ದಾರೆ. ಆದ್ದರಿಂದ ಅದೊಂದನ್ನೇ ಹಿಡಿದು, ಕೈ ಚಿತ್ರ ಕಳುಹಿಸಿದ ಹುಡುಗನನ್ನು ಪಾಪಿಯೆಂದು ಕರೆಯುವುದು ಸರಿಯಲ್ಲ.

ಇನ್ನು ಸಲಾಮ್ ಅಲ್ಲದ ಅಭಿವಂದನೆಗಳ ಮಾತು. ದಾರಿಯಲ್ಲಿ ಸಿಕ್ಕವನು ಸಲಾಮ್ ಹೇಳದೆ, ನಿಮ್ಮ ಮುಂಜಾನೆಯನ್ನು ಅಲ್ಲಾಹನು ಒಳ್ಳೆಯದಾಗಿಸಲಿ ಎಂಬಂತಹ ಮಾತಿನಿಂದ ಆರಂಭಿಸಿದರೆ ಏನು ಮಾಡಬೇಕೆಂಬ ಚರ್ಚೆ ಇಮಾಮ್ ನವವಿಯವರ(ರ) ಅದೇ ಗ್ರಂಥದಲ್ಲಿದೆ. ಅಂಥವನಿಗೆ ಉತ್ತರಿಸುವುದು ಕಡ್ಡಾಯವಲ್ಲ, ಆದರೆ ಅವನಿಗಾಗಿ ದುಆ ಮಾಡುವುದು ಒಳ್ಳೆಯದು ಎನ್ನುತ್ತಾರೆ ಅವರು. ಸಲಾಮನ್ನು ಕಡೆಗಣಿಸಿದ್ದಕ್ಕಾಗಿ ಅವನಿಗೆ ಶಿಸ್ತು ಕಲಿಸಬೇಕೆಂದು ಬಯಸಿದರೆ ಮಾತ್ರ ಉತ್ತರಿಸದೆ ಬಿಡಬಹುದೆಂಬ ವಿನಾಯಿತಿಯನ್ನೂ ನೀಡಿದ್ದಾರೆ. ಬಾಯಿಯಿಂದ ಆಡಿದ ಶುಭ ನುಡಿಯ ಸ್ಥಿತಿಯೇ ಹೀಗಿರುವಾಗ, ಬರೆಯಬಲ್ಲವನು ಕಳುಹಿಸಿದ ಪದರಹಿತ ಚಿತ್ರಕ್ಕೆ ಅದಕ್ಕಿಂತ ಹೆಚ್ಚಿನ ಸ್ಥಾನ ಸಿಗಲಾರದು. ಅಂದರೆ, ಉತ್ತರಿಸದಿದ್ದರೆ ಗುನಾಹ್ ಆಗುತ್ತದೆಯೇ ಎಂಬ ಉಮ್ಮನ ಆತಂಕಕ್ಕೆ, ಅಳಿಯನ ಚಿತ್ರದ ಮಟ್ಟಿಗೆ, ಇಲ್ಲ ಎಂಬುದೇ ಉತ್ತರ.

ಇಷ್ಟು ಓದಿದಾಗ ಅಣ್ಣನ ಪಕ್ಷವೇ ಗೆದ್ದಂತೆ ತೋರಿತು. ಶಿಸ್ತು ಕಲಿಸಲು ಮೌನವಾಗಿರಬಹುದೆಂದು ಇಮಾಮರೇ ಹೇಳಿದ್ದಾರಲ್ಲವೇ? ಆದರೆ ಎದುರಿಗೆ ನಿಂತವನ ಮುಂದೆ ತೋರುವ ಮೌನಕ್ಕೂ ಮೊಬೈಲಿನಲ್ಲಿ ತೋರುವ ಮೌನಕ್ಕೂ ದೊಡ್ಡ ಅಂತರವಿದೆ. ಎದುರಿಗಿದ್ದವನು ನಮ್ಮ ಮುಖವನ್ನು ನೋಡುತ್ತಾನೆ. ತಾನು ಏನನ್ನೋ ಬಿಟ್ಟಿದ್ದೇನೆಂದು ಅವನಿಗೆ ಹೊಳೆಯುತ್ತದೆ. ಮೊಬೈಲಿನಲ್ಲಿ ಅವನಿಗೆ ಕಾಣುವುದು ಎರಡು ನೀಲಿ ಗೆರೆಗಳು ಮಾತ್ರ. ನೋಡಿದರು, ಸುಮ್ಮನಾದರು ಎಂಬುದಷ್ಟೇ ಅವನಿಗೆ ತಿಳಿಯುತ್ತದೆ. ಏಕೆಂಬುದು ತಿಳಿಯುವುದಿಲ್ಲ. ಕಾರಣ ತಿಳಿಯದ ಶಿಕ್ಷೆಯಿಂದ ಯಾರೂ ಶಿಸ್ತು ಕಲಿಯಲಾರರು. ನಮ್ಮ ಮನೆಯಲ್ಲಿ ನಡೆದದ್ದೂ ಅದೇ. ಕೆಲವು ವಾರಗಳ ಮೌನದ ಬಳಿಕ ಅಳಿಯನು ಸಲಾಮ್ ಬರೆಯಲು ಆರಂಭಿಸಲಿಲ್ಲ, ಕೈ ಬೀಸುವುದನ್ನೇ ನಿಲ್ಲಿಸಿದ. ದಿನಕ್ಕೊಮ್ಮೆ ಮನೆಯನ್ನು ನೆನೆಯುತ್ತಿದ್ದ ಹುಡುಗನಿಗೂ ಮನೆಗೂ ನಡುವೆ ಉಳಿದಿದ್ದ ಆ ಸಣ್ಣ ಎಳೆಯೂ ಸಡಿಲವಾಯಿತು. ಮುಂಜಾನೆ ಗುಂಪಿನಲ್ಲಿ ಒಂದೇ ಕೈ ಕಾಣುತ್ತಿದ್ದುದನ್ನು ಮೊದಲು ಗಮನಿಸಿದವರೂ ಉಮ್ಮನೇ.

ಹಾಗಾದರೆ ಏನನ್ನು ಬರೆಯಬೇಕು? ಬಹುತೇಕ ಹಿರಿಯರು ಅಭ್ಯಾಸಬಲದಿಂದ ‘ವ ಅಲೈಕುಮುಸ್ಸಲಾಮ್’ ಎಂದು ಬರೆಯುತ್ತಾರೆ. ಅದು ಸಲಾಮಿಗೆ ಮರಳಿಸುವ ನುಡಿ. ‘ನಿಮ್ಮ ಮೇಲೆಯೂ’ ಎಂಬ ಅರ್ಥವು ಅದರಲ್ಲಿದೆ. ಎದುರಿನವನು ಏನನ್ನೂ ಹಾರೈಸದಿದ್ದಾಗ ಈ ‘ಯೂ’ ಎಂಬುದಕ್ಕೆ ಆಸರೆಯಿಲ್ಲ. ಕೈ ಚಿತ್ರವು ಸಲಾಮ್ ಅಲ್ಲವೆಂದಾದರೆ ಸಲಾಮ್ ಇನ್ನೂ ಆರಂಭವಾಗಿಯೇ ಇಲ್ಲ. ಆರಂಭಿಸುವ ಅವಕಾಶವು ನಮ್ಮ ಕೈಯಲ್ಲಿದೆ. ಆದ್ದರಿಂದ ಬರೆಯಬೇಕಾದುದು ‘ಅಸ್ಸಲಾಮು ಅಲೈಕುಮ್ ವ ರಹ್ಮತುಲ್ಲಾಹಿ ವ ಬರಕಾತುಹು’ ಎಂಬ ಪೂರ್ಣ ಸಲಾಮ್, ಜೊತೆಗೆ ಅವನ ಹೆಸರು. ಸಲಾಮಿನಲ್ಲಿ ಮೊದಲಿಗರಾಗುವ ಶ್ರೇಷ್ಠತೆ ಇದರಿಂದ ನಮಗೆ ದೊರೆಯುತ್ತದೆ. ಕಿರಿಯನು ಹಿರಿಯನಿಗೆ ಸಲಾಮ್ ಹೇಳುವುದು ಬುಖಾರಿಯ ಹದೀಸ್ ತಿಳಿಸುವ ಶಿಷ್ಟಾಚಾರವೇ ಆದರೂ, ಕಿರಿಯನು ಹೇಳದಿದ್ದಾಗ ಹಿರಿಯನು ಹೇಳಬಾರದೆಂದು ಅದರ ಅರ್ಥವಲ್ಲ. ಇನ್ನೊಂದು ಪ್ರಯೋಜನವೂ ಇದೆ. ಈಗ ಹುಡುಗನ ಮುಂದೆ ನಿಜವಾದ ಸಲಾಮ್ ಇದೆ, ಅದಕ್ಕೆ ಉತ್ತರಿಸುವ ಹೊಣೆ ಅವನದಾಯಿತು. ಯಾವ ಪ್ರವಚನವೂ ಇಲ್ಲದೆ, ಯಾವ ಆಕ್ಷೇಪವೂ ಇಲ್ಲದೆ, ಅವನು ಆ ನುಡಿಯನ್ನು ತಾನೇ ಬರೆಯಬೇಕಾದ ಸ್ಥಳಕ್ಕೆ ಬಂದು ನಿಲ್ಲುತ್ತಾನೆ.

ಉಮ್ಮ ಹೀಗೆಯೇ ಮಾಡಿದರು. ಅಳಿಯನಿಗೆ ಪ್ರತ್ಯೇಕವಾಗಿ ಧ್ವನಿ ಸಂದೇಶದಲ್ಲಿ ಪೂರ್ಣ ಸಲಾಮ್ ಹೇಳಿ, “ನಿನ್ನ ಕೈ ಕಾಣಿಸಲಿಲ್ಲ ಮಗಾ, ಹುಷಾರಾಗಿದ್ದೀಯಾ?” ಎಂದು ಕೇಳಿದರು. ಉತ್ತರವು ಧ್ವನಿಯಲ್ಲೇ ಬಂತು, ‘ವ ಅಲೈಕುಮುಸ್ಸಲಾಮ್’ ಸಹಿತವಾಗಿ. ಅವನು ರಜೆಗೆ ಬಂದಾಗ ಉಮ್ಮನ ಮೊಬೈಲಿನಲ್ಲಿ ಒಂದು ಸೌಕರ್ಯವನ್ನೂ ಮಾಡಿಕೊಟ್ಟ. ಜಿಬೋರ್ಡ್ ಕೀಲಿಮಣೆಯ ಸೆಟ್ಟಿಂಗ್‌ನಲ್ಲಿ Dictionary, ಅದರೊಳಗೆ Personal dictionary ಎಂಬ ಭಾಗವಿದೆ. ಅಲ್ಲಿ ಪೂರ್ಣ ಸಲಾಮನ್ನು ಒಮ್ಮೆ ಬರೆದು, ಅದಕ್ಕೆ ‘ಸಲ’ ಎಂಬ ಎರಡಕ್ಷರದ ಕಿರುಗುರುತನ್ನು ಕೊಟ್ಟರೆ, ಮುಂದೆ ‘ಸಲ’ ಎಂದು ಬರೆದಾಗ ಪೂರ್ಣ ಸಲಾಮ್ ಕೀಲಿಮಣೆಯ ಮೇಲ್ಭಾಗದಲ್ಲಿ ಕಾಣಿಸುತ್ತದೆ. ಅದನ್ನು ಒತ್ತಿದರೆ ಸಾಕು. ಚಿತ್ರವನ್ನು ಹುಡುಕುವುದಕ್ಕಿಂತ ಇದು ತಡವಾಗುವುದಿಲ್ಲ.

ಇನ್ನು ಎರಡನೆಯ ಕೈ. ನನ್ನ ಸೋದರಮಾವನಿಗೆ ಪಾರ್ಶ್ವವಾಯು ತಗಲಿದ ಬಳಿಕ ಮಾತು ನಿಂತುಹೋಗಿದೆ. ಬಲಗೈ ಏಳುವುದಿಲ್ಲ. ಅಕ್ಷರಗಳನ್ನು ಜೋಡಿಸಿ ಬರೆಯುವುದೂ ಅವರಿಂದಾಗದು. ಎಡಗೈಯ ಹೆಬ್ಬೆರಳಿನಿಂದ ಅವರು ಒತ್ತಬಲ್ಲ ಕೆಲವೇ ಗುರುತುಗಳಲ್ಲಿ ಕೈ ಬೀಸುವ ಚಿತ್ರವೂ ಒಂದು. ಫಜ್ರ್ ನಮಾಝಿನ ಬಳಿಕ ಅದು ತಪ್ಪದೆ ಬರುತ್ತದೆ. ಅಳಿಯನ ಚಿತ್ರವೂ ಮಾವನ ಚಿತ್ರವೂ ತೆರೆಯ ಮೇಲೆ ಒಂದೇ. ಬಣ್ಣವೂ ಒಂದೇ, ಬೆರಳುಗಳೂ ಅಷ್ಟೇ. ಆದರೆ ಎರಡರ ವಿಧಿ ಒಂದೇ ಅಲ್ಲ.

ಮಾತು ಬಾರದವನು ಸನ್ನೆಯಿಂದ ಸಲಾಮ್ ಹೇಳಿದರೆ ಅವನಿಗೆ ಉತ್ತರ ಪಡೆಯುವ ಹಕ್ಕಿದೆ ಎಂದು ಇಮಾಮ್ ನವವಿ(ರ) ಸ್ಪಷ್ಟವಾಗಿ ಬರೆದಿದ್ದಾರೆ. ಅವನಿಗೆ ನಾವು ಸಲಾಮ್ ಹೇಳಿ, ಅವನು ಕೈ ಸನ್ನೆಯಿಂದ ಉತ್ತರಿಸಿದರೆ ಅವನ ಕಡ್ಡಾಯವೂ ನೆರವೇರುತ್ತದೆ. ಏಕೆಂದರೆ ಅವನ ಮಟ್ಟಿಗೆ ಸನ್ನೆಯೇ ನುಡಿ. ಮಾತನಾಡಲಾಗದ ಸ್ಥಿತಿಯಲ್ಲಿ ಸನ್ನೆಗೆ ದೊರೆಯುವ ಈ ಮಾನ್ಯತೆಗೆ ಪ್ರವಾದಿಯವರ(ಸ) ಬದುಕಿನಲ್ಲೂ ನಿದರ್ಶನವಿದೆ. ಅವರು ನಮಾಝಿನಲ್ಲಿದ್ದಾಗ ಸಲಾಮ್ ಹೇಳಿದವರಿಗೆ ಕೈಯ ಸಂಜ್ಞೆಯಿಂದ ಉತ್ತರಿಸಿದ್ದನ್ನು ಬಿಲಾಲ್(ರ) ವಿವರಿಸಿದ್ದಾರೆ. ಮಾವನ ವಿಷಯವನ್ನು ನಮ್ಮ ಮಸೀದಿಯ ಉಸ್ತಾದರ ಮುಂದಿಟ್ಟಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: “ಅದನ್ನು ಒತ್ತುವಾಗ ಅವರ ಉದ್ದೇಶ ಸಲಾಮ್ ಎಂಬುದು ನಿಮಗೆ ತಿಳಿದಿದೆಯೇ?” ತಿಳಿದಿದೆ. ಮಾವಿಯೇ ಅದನ್ನು ಹೇಳಿದ್ದಾರೆ. “ಹಾಗಿದ್ದರೆ ಅದು ಅವರ ಸಲಾಮ್. ಉತ್ತರಿಸದೆ ಬಿಡಬೇಡಿ” ಎಂದರು ಉಸ್ತಾದರು.

ಇಲ್ಲಿ ‘ವ ಅಲೈಕುಮುಸ್ಸಲಾಮ್’ ಎಂಬುದು ತನ್ನ ಸರಿಯಾದ ಸ್ಥಳದಲ್ಲಿದೆ. ಮಾವನಿಗೆ ಅಕ್ಷರಗಳನ್ನು ಓದುವುದು ಈಗ ಕಷ್ಟ. ಆದ್ದರಿಂದ ನಾವು ಧ್ವನಿ ಸಂದೇಶವನ್ನೇ ಕಳುಹಿಸುತ್ತೇವೆ. ಗುಂಪಿನಲ್ಲಿ ಒಬ್ಬರು ಉತ್ತರಿಸಿದರೆ ಉಳಿದವರ ಹೊಣೆ ತೀರುತ್ತದೆ ಎಂಬ ನಿಯಮವಿದೆ. ಆದರೂ ಮನೆಯ ಮಕ್ಕಳು ಸರದಿಯಂತೆ ಉತ್ತರಿಸುತ್ತಾರೆ. ಮೌನವೇ ಸರಿಯೆಂದು ವಾದಿಸಿದ್ದ ಅಣ್ಣ ಈಗ ಆ ಸರದಿಯ ಪಟ್ಟಿಯನ್ನು ನೋಡಿಕೊಳ್ಳುತ್ತಾನೆ. ಎಲ್ಲ ಕೈಗಳಿಗೂ ಒಂದೇ ನಿಯಮವೆಂದು ನಾವು ತೀರ್ಮಾನಿಸಿಬಿಟ್ಟಿದ್ದರೆ, ಅಳಿಯನಿಗೆ ಕಲಿಸಲು ಹೊರಟ ಪಾಠದಲ್ಲಿ ಮಾವನ ಹಕ್ಕು ಹೋಗಿಬಿಡುತ್ತಿತ್ತು. ಚಿತ್ರವನ್ನು ನೋಡುವ ಮೊದಲು ಕಳುಹಿಸಿದವರು ಯಾರೆಂದು ನೋಡಬೇಕು.

ಸ್ಟಿಕರ್‌ಗಳ ವಿಷಯದಲ್ಲಿ ಇನ್ನೊಂದು ಭೇದವಿದೆ. ಕೈ ಬೀಸುವ ಗೊಂಬೆ, ಕಣ್ಣು ಮಿಟುಕಿಸುವ ಬೆಕ್ಕು ಇವೆಲ್ಲ ಪದರಹಿತ ಚಿತ್ರಗಳೇ. ಅವುಗಳ ವಿಧಿಯೂ ಮೇಲೆ ಹೇಳಿದಂತೆಯೇ. ಆದರೆ ಹೂವಿನ ಅಂಚಿನ ನಡುವೆ ‘ಅಸ್ಸಲಾಮು ಅಲೈಕುಮ್’ ಎಂದು ಬರೆದಿರುವ ಸ್ಟಿಕರ್ ಬಂದರೆ ಅದನ್ನು ಚಿತ್ರವೆಂದು ತಳ್ಳಿಹಾಕುವಂತಿಲ್ಲ. ಅದು ಬರಹ. ಪತ್ರದಲ್ಲಿ ಬರೆದು ಬಂದ ಸಲಾಮಿಗೆ ಉತ್ತರಿಸುವುದು ಕಡ್ಡಾಯವೆಂದು ವಿದ್ವಾಂಸರು ಹಿಂದೆಯೇ ಹೇಳಿದ್ದಾರೆ. ಪತ್ರಕ್ಕೆ ಉತ್ತರವು ಸಲಾಮಿಗೆ ಉತ್ತರದಂತೆಯೇ ಒಂದು ಹಕ್ಕೆಂದು ಇಬ್ನು ಅಬ್ಬಾಸ್(ರ) ಭಾವಿಸಿದ್ದರೆಂಬುದು ಇಮಾಮ್ ಬುಖಾರಿಯವರ(ರ) ‘ಅಲ್ ಅದಬುಲ್ ಮುಫ್ರದ್’ನಲ್ಲಿದೆ. ಅಕ್ಷರಗಳನ್ನು ಬೇರೆ ಯಾರೋ ಬಣ್ಣದಲ್ಲಿ ಬರೆದಿಟ್ಟಿದ್ದರೂ, ಅದನ್ನು ಆರಿಸಿ ನಮಗೆಂದೇ ಕಳುಹಿಸಿದವರು ನಮ್ಮವರೇ. ಆದ್ದರಿಂದ ಓದಿದ ಕೂಡಲೇ ನಾಲಗೆಯಿಂದ ಉತ್ತರಿಸಿ, ಬಳಿಕ ಬರೆದು ತಿಳಿಸುವುದೇ ಸುರಕ್ಷಿತ ಕ್ರಮ.

ಆದರೆ ಕಳುಹಿಸುವವರು ಸ್ಟಿಕರ್‌ನ ಅರಬಿ ಬರಹವನ್ನು ಒಮ್ಮೆ ಓದಿನೋಡಬೇಕು. ಅರಬಿ ಬಾರದವರು ತಯಾರಿಸಿದ ಕೆಲವು ಸ್ಟಿಕರ್‌ಗಳಲ್ಲಿ ಅಕ್ಷರಗಳು ಒಂದಕ್ಕೊಂದು ಕೂಡಿಕೊಳ್ಳದೆ ಬಿಡಿಬಿಡಿಯಾಗಿ, ಎಡದಿಂದ ಬಲಕ್ಕೆ ತಿರುವುಮುರುವಾಗಿ ನಿಂತಿರುತ್ತವೆ. ಅದು ಯಾವ ಪದವೂ ಆಗುವುದಿಲ್ಲ. ಇದನ್ನು ಗುರುತಿಸುವುದು ಸುಲಭ: ಸರಿಯಾದ ಅರಬಿ ಬರಹದಲ್ಲಿ ‘ಸಲಾಮ್’ ಪದದ ಸೀನ್, ಲಾಮ್, ಅಲಿಫ್ ಅಕ್ಷರಗಳು ಕೂಡಿಕೊಂಡಿರುತ್ತವೆ. ಸ್ಟಿಕರ್‌ನಲ್ಲಿ ಅವು ಬೇರೆಬೇರೆಯಾಗಿದ್ದರೆ ಅದನ್ನು ಬಿಟ್ಟುಬಿಡಬೇಕು. ‘ಸಲಾಮ್’ ಪದದ ಲಾಮ್ ಅಕ್ಷರ ಬಿದ್ದುಹೋದರೆ ಇನ್ನೂ ಅಪಾಯ. ಆಗ ಉಳಿಯುವ ‘ಸಾಮ್’ ಎಂಬುದಕ್ಕೆ ಮರಣವೆಂಬ ಅರ್ಥವಿದೆ. ಈ ಪದವನ್ನೇ ಬಳಸಿ ಪ್ರವಾದಿಯವರನ್ನು(ಸ) ಚುಚ್ಚಿದವರ ಪ್ರಸಂಗ ಹದೀಸ್‌ಗಳಲ್ಲಿ ಪ್ರಸಿದ್ಧವಾಗಿದೆ. ಅವಸರದ ಬೆರಳಚ್ಚಿನಲ್ಲಿಯೂ ಇದೇ ತಪ್ಪು ನುಸುಳಬಹುದು.

ಇನ್ನೊಂದು ಸಂದರ್ಭವು ಇದರ ತಿರುವು. ನಾವು ಪೂರ್ಣ ಸಲಾಮ್ ಬರೆದಾಗ, ಎದುರಿನವರು ನಮ್ಮ ಸಂದೇಶದ ಮೇಲೆ ಕೈ ಚಿತ್ರವನ್ನೊಂದು ಅಂಟಿಸಿ ಸುಮ್ಮನಾಗುತ್ತಾರೆ. ಮಾತನಾಡಬಲ್ಲವರ ಬರೀ ಸನ್ನೆಯಿಂದ ಸಲಾಮಿನ ಉತ್ತರ ನೆರವೇರುವುದಿಲ್ಲ. ಅಂತೆಯೇ ಬರೀ ಚಿತ್ರದಿಂದಲೂ ನೆರವೇರದು. ಆದರೆ ಅವರು ನಾಲಗೆಯಿಂದ ‘ವ ಅಲೈಕುಮುಸ್ಸಲಾಮ್’ ಎಂದು ನುಡಿದು, ಓದಿದೆನೆಂದು ತಿಳಿಸಲು ಮಾತ್ರ ಚಿತ್ರ ಒತ್ತಿರಬಹುದು. ಆ ನುಡಿಯನ್ನು ಕೇಳಲು ನಾವು ಅಲ್ಲಿರಲಿಲ್ಲ. ಇತರರ ವಿಷಯದಲ್ಲಿ ಒಳ್ಳೆಯ ಊಹೆಯನ್ನು ಇಟ್ಟುಕೊಂಡು, ನಮ್ಮ ಸರದಿ ಬಂದಾಗ ಮಾತ್ರ ಚಿತ್ರವನ್ನು ನೆಚ್ಚದೆ ಬರೆದು ಉತ್ತರಿಸುವುದು ಉಚಿತ.

ಕಚೇರಿಯ ಸಹೋದ್ಯೋಗಿ, ನೆರೆಮನೆಯ ಹಿಂದೂ ಗೆಳೆಯ, ಮಗುವಿನ ಶಿಕ್ಷಕಿ ಇವರು ಕಳುಹಿಸುವ ಕೈ ಚಿತ್ರದ ವಿಷಯದಲ್ಲಿ ಇಷ್ಟು ಚರ್ಚೆಯ ಅಗತ್ಯವಿಲ್ಲ. ಅದು ಅವರ ಸ್ನೇಹದ ಅಭಿವಂದನೆ. ಯಾವ ಧರ್ಮದವರು ಅಭಿವಂದಿಸಿದರೂ ಮರಳಿಸಬೇಕೆಂದು ಇಬ್ನು ಅಬ್ಬಾಸ್(ರ) ಮೇಲಿನ ಸೂಕ್ತವನ್ನೇ ಆಧರಿಸಿ ಹೇಳಿದ್ದಾರೆ. ಅವರ ಹೆಸರು ಹಿಡಿದು ‘ಶುಭೋದಯ, ಹೇಗಿದ್ದೀರಿ?’ ಎಂದು ಬರೆದರೆ, ಒಂದು ಚಿತ್ರಕ್ಕೆ ಅದಕ್ಕಿಂತ ಉತ್ತಮವಾದುದನ್ನು ಮರಳಿಸಿದಂತಾಯಿತು.

ಹೀಗೆ ಒಂದು ಕೈ ಚಿತ್ರ ಬಂದಾಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡೇ. ಇದರಲ್ಲಿ ಓದಬಹುದಾದ ಸಲಾಮ್ ಇದೆಯೇ? ಇದ್ದರೆ ಉತ್ತರ ಕಡ್ಡಾಯ. ಇಲ್ಲವಾದರೆ, ಕಳುಹಿಸಿದವರಿಗೆ ಇದರ ಹೊರತು ಬೇರೆ ನುಡಿಯಿದೆಯೇ? ಇಲ್ಲವಾದರೆ ಆ ಕೈಯೇ ಅವರ ಸಲಾಮ್, ಅದಕ್ಕೂ ಉತ್ತರ ಸಲ್ಲಬೇಕು. ನುಡಿಯಿದ್ದೂ ಚಿತ್ರವನ್ನಷ್ಟೇ ಕಳುಹಿಸಿದವರಿಗೆ ನಾವು ಸಾಲಗಾರರಲ್ಲ. ಆದರೆ ಅವರಿಗೆ ಮೊದಲು ಸಲಾಮ್ ಹೇಳುವ ಸದವಕಾಶ ಅಲ್ಲಿ ನಮಗಾಗಿ ತೆರೆದಿದೆ. ಆ ಅವಕಾಶವನ್ನು ಮೌನದಲ್ಲಿ ಕಳೆದುಕೊಳ್ಳದಂತೆ ಅಲ್ಲಾಹನು ನಮ್ಮನ್ನು ಅನುಗ್ರಹಿಸಲಿ. ಆಮೀನ್.